ಜಾವಕ ಸಂಖ್ಯೆ ಹಾಕಿ ಕಳಿಸಿದ ಮೇಲ್

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಬೇರೆಯವರು ಹೇಳುವುದಕ್ಕೆ ಮೊದಲು ನಾನೇ ಇದನ್ನು ಹೇಳಿಬಿಡುತ್ತೇನೆ, ಅಷ್ಟರಮಟ್ಟಿಗೆ ಈಗ ಬುದ್ಧಿ ಬಂದಿದೆ. ಶಿರಸಿಯಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದಾಗ ಇರಲಿಲ್ಲ. ಆಗ ನಾನು ಕಾಲೇಜಿನ ಗೇಮ್ ಕ್ಲಬ್ಬಿನ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಏನು ಮಹಾ, ಕೋಣೆಯ ಬೀಗದ ಕೈ ನನ್ನ ಬ್ಯಾಗಿನಲ್ಲಿ ಇರುತ್ತಿತ್ತು, ಕ್ಲಬ್ಬಿನ ಮೇಲ್‌ಗಳನ್ನು ನಾನು ಬರೆಯುತ್ತಿದ್ದೆ. ಹಾಗೆ ಬರೆದ ಮೇಲ್‌ಗಳಲ್ಲಿ ಒಂದರ ಕಥೆ ಇದು.

ಕ್ಲಬ್ಬಿನ ಕೋಣೆ ಲೈಬ್ರರಿಯ ಹಿಂದೆ. ನಾವು ಎಂಟು ಜನ, ನಾಲ್ಕು ಕಂಪ್ಯೂಟರ್. ಆದರೆ ನಮ್ಮ ಆಟವನ್ನು ಹೊರುವ ತಾಕತ್ತು ಇದ್ದದ್ದು ಅವುಗಳಲ್ಲಿ ಒಂದಕ್ಕೇ. ಅದನ್ನು ನಾವು ದೊಡ್ಡ ಮಷಿನ್ ಎನ್ನುತ್ತಿದ್ದೆವು. ಉಳಿದವುಗಳಲ್ಲಿ ಚಿತ್ರ ಬಿಡಿಸುವುದು, ಸದ್ದು ಕತ್ತರಿಸುವುದು, ಚಹಾ ಬರುವವರೆಗೆ ಹಾಡು ಕೇಳುವುದು ಇತ್ಯಾದಿ ನಡೆಯುತ್ತಿತ್ತು. ಆಟ ದೇವಿಮನೆ ಘಟ್ಟದ ಮೇಲೆ ಬಸ್ಸು ಓಡಿಸುವುದು. ಕುಮಟೆ ಕಡೆಯಿಂದ ಹತ್ತಬೇಕು, ತಿರುವಿನಲ್ಲಿ ಎದುರಿಗೆ ಲಾರಿ ಬಂದರೆ ನಿಲ್ಲಿಸಬೇಕು, ಮತ್ತೆ ಏರಿನಲ್ಲೇ ಎತ್ತಬೇಕು. ಬಸ್ಸನ್ನು, ರಸ್ತೆಯನ್ನು, ಮೈಲಿಗಲ್ಲನ್ನು ನಾವೇ ಮಾಡಿದೆವು. ಚಕ್ರ ಮಾತ್ರ ನಮ್ಮ ಕೈಗೆ ಬಗ್ಗಲಿಲ್ಲ. ನಾವು ಬರೆದ ಚಕ್ರದ ಮೇಲೆ ಬಸ್ಸು ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಕೊನೆಗೆ ಕ್ಲಬ್ಬು ನೋಡಿಕೊಳ್ಳುತ್ತಿದ್ದ ನಮ್ಮ ಸರ್ ಕಾಲೇಜಿನ ಹೆಸರಿನಲ್ಲಿ ಒಂದು ಅಸೆಟ್ ಕೊಂಡುಕೊಟ್ಟರು. ಆಟ ಕಟ್ಟುವವರಿಗೆ ಬೇಕಾಗುವ ಸಿದ್ಧ ಸಾಮಾನುಗಳನ್ನು ಹಾಗೆ ಕರೆಯುತ್ತಾರೆ. ಬೊಂಬೆ, ಸದ್ದು, ಸ್ಕ್ರಿಪ್ಟು ಎಲ್ಲವೂ ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತವೆ. ನಮ್ಮದು ವಾಹನದ ಚಕ್ರ, ಬ್ರೇಕು, ಸ್ಪ್ರಿಂಗು ಎಲ್ಲವನ್ನೂ ನೋಡಿಕೊಳ್ಳುವ ಸ್ಕ್ರಿಪ್ಟು, ಅಂದರೆ ಕೋಡ್ ಬರೆದ ಒಂದು ಕಡತ. ಮಾರಿದವನು ಯಾವುದೋ ದೂರದ ದೇಶದಲ್ಲಿ ಒಬ್ಬನೇ ಕುಳಿತು ಇಂಥವನ್ನು ಬರೆಯುವ ಮನುಷ್ಯ. ಅದನ್ನು ಹಾಕಿದ ದಿನ ಬಸ್ಸು ಬಸ್ಸಿನ ಹಾಗೆ ಹೋಯಿತು, ನಾವು ಮೇಜು ಬಡಿದು ಕೂಗಿದೆವು.

ಎರಡನೇ ವರ್ಷದ ಒಬ್ಬಳು ಹುಡುಗಿ ಆ ಸೆಮಿಸ್ಟರಿನಲ್ಲಿ ಕ್ಲಬ್ಬಿಗೆ ಸೇರಿದ್ದಳು. ಬನವಾಸಿಯ ಕಡೆಯವಳು, ದಿನವೂ ಬಸ್ಸಿನಲ್ಲಿ ಬಂದು ಹೋಗುವವಳು. ಮಾತು ಕಮ್ಮಿ. ನಾವು ಹುಲೇಕಲ್, ಯಲ್ಲಾಪುರದ ಕಡೆಯವರೆಲ್ಲ ‘ಎಂತದು, ಎಂತಕ್ಕೆ’ ಎಂದು ಹರಟುವಾಗ ಅವಳು ‘ಹೌದ್ರಿ, ಇಲ್ರಿ’ ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದಳು. ಅದಕ್ಕೆ ನಾವು ಅವಳನ್ನು ಸ್ವಲ್ಪ ಆಡಿಕೊಳ್ಳುತ್ತಲೂ ಇದ್ದೆವು. ಆದರೆ ಕೆಲಸ ಬಲ್ಲವಳು. ಏರಿನಲ್ಲಿ ನಿಂತ ಬಸ್ಸು ಬ್ರೇಕು ಬಿಟ್ಟ ಕೂಡಲೇ ಹಿಂದಕ್ಕೆ ಜಾರುತ್ತದೆ, ನಿಜವಾದ ಡ್ರೈವರ್ ಹಾಗೆ ಜಾರಲು ಬಿಡುವುದಿಲ್ಲ ಎಂದು ಮೊದಲು ಹೇಳಿದವಳು ಅವಳೇ. ಸರಿಪಡಿಸುತ್ತೇನೆ ಎಂದೂ ಅವಳೇ ಹೇಳಿದಳು. ಸಿದ್ದಾಪುರದ ಕಾಲೇಜೊಂದರಲ್ಲಿ ಎರಡು ವಾರದಲ್ಲಿ ಪ್ರದರ್ಶನವಿತ್ತು. ಅಲ್ಲಿ ಆಟವನ್ನು ನಿಂತು ವಿವರಿಸುವ ಇಬ್ಬರಲ್ಲಿ ಅವಳ ಹೆಸರನ್ನು ಸರ್ ಹಾಕಿದ್ದರು.

ಒಂದು ಶುಕ್ರವಾರ ಅವಳು ಕೊಂಡ ಸ್ಕ್ರಿಪ್ಟಿನ ಒಳಗೆ ಹೋಗಿ ಬ್ರೇಕಿನ ಭಾಗವನ್ನು ತಿದ್ದಿದಳು. ಸೋಮವಾರ ಬೆಳಿಗ್ಗೆ ನಾನು ಬಸ್ಸಿಳಿದ ಕೂಡಲೇ ಬೀಗದ ಕೈ ಇಸಿದುಕೊಂಡು ಓಡಿದ್ದ ಹುಡುಗರು, ನಾನು ಕೋಣೆಗೆ ಬರುವಷ್ಟರಲ್ಲಿ ಬಾಗಿಲು ತೆರೆದಿದ್ದರು. ದೊಡ್ಡ ಮಷಿನ್ ಮುಂದೆ ಅವಳು ಕುಳಿತಿದ್ದಳು. ಪರದೆಯ ಕೆಳಗೆ ಕೆಂಪು ಸಾಲು. ಆಟ ಶುರುವಾಗುವ ಗುಂಡಿಯನ್ನು ಒತ್ತಿದರೆ, ಮೊದಲು ತಪ್ಪುಗಳನ್ನು ಸರಿಪಡಿಸಿ ಎಂಬ ಉತ್ತರ. ನಮ್ಮ ಇಂಜಿನ್ ಅಂಥದು. ಇಂಜಿನ್ ಎಂದರೆ ಬಸ್ಸಿನದಲ್ಲ, ಆಟವನ್ನು ಕಟ್ಟುವ ಸಾಫ್ಟ್‌ವೇರಿಗೆ ಹಾಗೆನ್ನುತ್ತಾರೆ. ಎಲ್ಲೋ ಒಂದು ಸ್ಕ್ರಿಪ್ಟಿನಲ್ಲಿ ಅದಕ್ಕೆ ಅರ್ಥವಾಗದ ಒಂದು ಹೆಸರು ಇದ್ದರೂ ಸಾಕು, ಇಡೀ ಆಟವನ್ನೇ ನಡೆಸಲು ಒಲ್ಲೆ ಎನ್ನುತ್ತದೆ. ಕೆಂಪು ಸಾಲಿನಲ್ಲಿ ಕಡತದ ಹೆಸರಿತ್ತು. ಅದೇ ಚಕ್ರದ ಸ್ಕ್ರಿಪ್ಟು. ಅವಳು ಶುಕ್ರವಾರ ಕೈ ಹಾಕಿದ್ದ ಸ್ಕ್ರಿಪ್ಟು.

‘ಏನು ಮಾಡಿದೆ?’ ಎಂದೆ. ಕೇಳುವ ಧಾಟಿ ಅದಾಗಿರಲಿಲ್ಲ.

‘ನಾ ಬ್ರೇಕಿಂದ್ ಅಷ್ಟ ತಿದ್ದೀನ್ರಿ ಅಕ್ಕಾ. ಶುಕ್ರವಾರ ಛಲೋ ಓಡಿತ್ತು.’

‘ಶುಕ್ರವಾರ ಓಡಿದ್ದು ಸೋಮವಾರ ತನ್ನಷ್ಟಕ್ಕೆ ಹಾಳಾತಾ? ಇಲ್ಲಿ ದೆವ್ವ ಬಂದು ಕೋಡ್ ಬರೀತಾ?’

ಹುಡುಗರು ನಕ್ಕರು. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು ‘ಏಳು, ಏಳು, ಇನ್ನಷ್ಟು ಕೆಡಸಬೇಡ’ ಎಂದು ಕುರ್ಚಿಯಿಂದ ಎಬ್ಬಿಸಿದೆ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನೋಡಿಯೂ ನನಗೆ ಇನ್ನೂ ರೇಗಿತು. ಅಳುವವರನ್ನು ಕಂಡರೆ ನನಗೆ ಆಗ ಹಾಗೇ ಆಗುತ್ತಿತ್ತು, ಎಂಥಾ ಜಾತಿಯ ಸಿಟ್ಟೋ ಏನೋ.

ಸರ್ ಬಂದರು. ಅವರು ಸಮಾಧಾನದ ಮನುಷ್ಯ, ಯಾವುದಕ್ಕೂ ಗಡಿಬಿಡಿ ಇಲ್ಲ. ಕೆಂಪು ಸಾಲನ್ನು ನೋಡಿ, ‘ಎಂತದು ಮಾರಾಯ್ತಿ, ಇಷ್ಟಕ್ಕೆ ಕೂಗಾಟ ಎಂತಕ್ಕೆ? ದುಡ್ಡು ಕೊಟ್ಟು ತಗಂಡಿದ್ದು. ಅವಂಗೆ ಒಂದು ಮೇಲ್ ಹಾಕು, ದಾರಿ ಹೇಳ್ತ’ ಎಂದರು. ಆ ಹುಡುಗಿಗೆ, ‘ಪ್ರದರ್ಶನದವರೆಗೆ ನೀನು ಈ ಮಷಿನ್ ಮುಟ್ಟದು ಬೇಡ, ಆಮೇಲೆ ನೋಡನ’ ಎಂದರು. ಸಿದ್ದಾಪುರದ ಪಟ್ಟಿಯಲ್ಲಿ ಅವಳ ಹೆಸರಿನ ಜಾಗಕ್ಕೆ ಮೂರನೇ ವರ್ಷದ ಇನ್ನೊಬ್ಬನ ಹೆಸರು ಬಂತು. ಅವಳು ಹೂಂ ಎಂದು ಹೋದಳು.

ಮೇಲ್ ಹಾಕು ಎಂದರೆ ನಮ್ಮ ಕಾಲೇಜಿನಲ್ಲಿ ಮೇಲ್ ಹಾಕುವುದಲ್ಲ. ಸಾಮಾನು ಕಾಲೇಜಿನ ಹೆಸರಿನಲ್ಲಿ ಕೊಂಡದ್ದು, ಆದ್ದರಿಂದ ಅದರ ಬಗೆಗಿನ ಯಾವ ಪತ್ರವೂ ಆಫೀಸಿನ ಮೂಲಕವೇ ಹೋಗಬೇಕು. ಮೊದಲು ಪತ್ರ ಟೈಪು ಮಾಡಬೇಕು, ಲೆಟರ್‌ಹೆಡ್ಡಿನಲ್ಲಿ ಮುದ್ರಿಸಬೇಕು, ಪ್ರಾಂಶುಪಾಲರ ಸಹಿ, ಗೋಲ ಮೊಹರು. ಆಮೇಲೆ ಗುಮಾಸ್ತರು ಜಾವಕದ ಪುಸ್ತಕದಲ್ಲಿ, ಅಂದರೆ ಹೊರಗೆ ಹೋಗುವ ಪತ್ರಗಳ ರಿಜಿಸ್ಟರಿನಲ್ಲಿ ಸಂಖ್ಯೆ ಹಾಕುತ್ತಾರೆ. ಆಮೇಲೆ ಅದನ್ನು ಸ್ಕ್ಯಾನ್ ಮಾಡಿ ಮೇಲ್‌ಗೆ ಅಂಟಿಸುವುದು. ‘ಜಾವಕ ನಂಬರ್ ಇಲ್ದೆ ಇಲ್ಲಿಂದ ಒಂದು ಚೀಟಿನೂ ಹೊರಗೆ ಹೋಗದಿಲ್ಲ ತಂಗಿ’ ಎಂದು ಗುಮಾಸ್ತರು ಹೆಮ್ಮೆಯಿಂದ ಹೇಳುತ್ತಿದ್ದರು. ಅದರ ಮೇಲೆ ನಮ್ಮ ಸರ್ ಹಾಕಿದ ಇನ್ನೊಂದು ನಿಯಮ: ಕ್ಲಬ್ಬಿನ ಮೇಲ್‌ಗಳ, ಅವಕ್ಕೆ ಬರುವ ಉತ್ತರಗಳ ಪ್ರತಿ ಎಂಟೂ ಜನರಿಗೆ ಹೋಗಬೇಕು. ಕದ್ದುಮುಚ್ಚಿ ಏನೂ ಇರಬಾರದು ಎಂದು.

ಪತ್ರವನ್ನು ನಾನು ಇಂಗ್ಲಿಷಿನಲ್ಲಿ ಬರೆದೆ, ಆದರೆ ಅದರ ಮೈಯೆಲ್ಲ ನಮ್ಮ ಅರ್ಜಿಯದ್ದೇ. ಇವರಿಗೆ, ಇವರಿಂದ, ವಿಷಯ. ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ತಮ್ಮಿಂದ ಕೊಂಡ ವಾಹನ ಸ್ಕ್ರಿಪ್ಟು ದಿಢೀರನೆ ಕೆಲಸ ನಿಲ್ಲಿಸಿರುತ್ತದೆ. ನಮ್ಮ ಕ್ಲಬ್ಬಿನ ಒಬ್ಬ ಕಿರಿಯ ಸದಸ್ಯೆ ಅನುಮತಿ ಇಲ್ಲದೆ ತಮ್ಮ ಕಡತವನ್ನು ತಿದ್ದಿದ್ದರಿಂದ ಹೀಗಾಗಿದೆ. ಅದನ್ನು ಹೊರತುಪಡಿಸಿ ನಾವು ಏನನ್ನೂ ಬದಲಾಯಿಸಿರುವುದಿಲ್ಲ. ಆದಷ್ಟು ಬೇಗ ಸರಿಪಡಿಸಿಕೊಡಬೇಕೆಂದು ವಿನಂತಿ. ‘ಅನುಮತಿ ಇಲ್ಲದೆ’ ಎನ್ನುವುದು ಶುದ್ಧ ಸುಳ್ಳು. ಅನುಮತಿ ಕೊಟ್ಟವಳು ನಾನೇ. ಆದರೆ ಬರೆಯುತ್ತ ಬರೆಯುತ್ತ ಕೈ ಹಾಗೆ ಹೋಯಿತು, ವಾಕ್ಯ ಗಟ್ಟಿಯಾಗಿ ಕಂಡಿತು, ಬಿಟ್ಟೆ. ಕೆಂಪು ಸಾಲಿನ ಚಿತ್ರವನ್ನು ಕಪ್ಪು ಬಿಳುಪಿನಲ್ಲಿ ಮುದ್ರಿಸಿ ಲಗತ್ತು ಒಂದು ಎಂದು ಪಿನ್ನು ಹೊಡೆದೆ. ಪ್ರಾಂಶುಪಾಲರು ಓದದೆ ಸಹಿ ಹಾಕಿದರು.

ಗುಮಾಸ್ತರು ಓದಿದರು. ಅವರು ಎಲ್ಲವನ್ನೂ ಓದುತ್ತಾರೆ, ವಿಷಯದ ಕಾಲಮ್ಮಿನಲ್ಲಿ ಏನು ಬರೆಯಬೇಕು ಎನ್ನುವುದಕ್ಕೆ. ‘ಯಾರು ಈ ಕಿರಿಯ ಸದಸ್ಯೆ?’ ಎಂದರು. ಹೇಳಿದೆ. ಅವರು ದಪ್ಪ ಅಕ್ಷರದಲ್ಲಿ, ಇಂಥ ತರಗತಿಯ ಇಂಥ ಹೆಸರಿನ ವಿದ್ಯಾರ್ಥಿನಿಯಿಂದ ಕಂಪ್ಯೂಟರ್ ಸ್ಕ್ರಿಪ್ಟ್ ಹಾಳಾದ ಬಗ್ಗೆ, ಎಂದು ಬರೆದು ಸಂಖ್ಯೆ ಹಾಕಿದರು. ನಾನು ನೋಡುತ್ತ ನಿಂತಿದ್ದೆ. ಬೇಡ ಎನ್ನಬಹುದಿತ್ತು.

ಆಫೀಸಿನಲ್ಲಿ ಬರೆದದ್ದು ಆಫೀಸಿನಲ್ಲಿ ಉಳಿಯುವುದಿಲ್ಲ. ಬುಧವಾರದ ಹೊತ್ತಿಗೆ ಎರಡನೇ ವರ್ಷದ ಕ್ಲಾಸಿನಲ್ಲಿ ಯಾರೋ ಲೆಕ್ಚರರು ಅವಳನ್ನು ಎಬ್ಬಿಸಿ, ಕಾಲೇಜಿನ ಸಾಮಾನು ಕೆಡಿಸಿದ್ದು ನೀನೇನಾ ಎಂದು ಕೇಳಿದರಂತೆ. ಅವಳ ಲ್ಯಾಬಿನ ಜೊತೆಗಾತಿ ತನ್ನ ಕಂಪ್ಯೂಟರ್ ಹತ್ತಿರ ಬರಬೇಡ ಎಂದು ತಮಾಷೆ ಮಾಡಿದಳಂತೆ. ಅವಳು ಕ್ಲಬ್ಬಿಗೆ ಬರುವುದನ್ನು ಬಿಟ್ಟಳು. ಮೇಲ್‌ನ ಪ್ರತಿ ಅವಳಿಗೂ ಹೋಗಿತ್ತಲ್ಲ, ನನ್ನ ‘ಅನುಮತಿ ಇಲ್ಲದೆ’ಯನ್ನೂ ಓದಿರಬೇಕು. ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಕೆಲಸ ಗೊತ್ತಿಲ್ಲದಿದ್ದರೆ ಕೈ ಹಾಕಬಾರದು ಎಂದು ಹುಡುಗರ ಮುಂದೆ ಎರಡು ಸಲ ಹೇಳಿದೆ.

ಗುರುವಾರ ಬೆಳಿಗ್ಗೆ ಉತ್ತರ ಬಂದಿತ್ತು. ಸಣ್ಣ ಉತ್ತರ. ಇಂಥ ಮೊಹರು ಹಾಕಿದ ಪತ್ರ ತನಗೆ ಈವರೆಗೆ ಬಂದಿರಲಿಲ್ಲ, ಚೆನ್ನಾಗಿದೆ, ಇಟ್ಟುಕೊಳ್ಳುತ್ತೇನೆ ಎಂದು ಮೊದಲಿಗೆ ಬರೆದಿದ್ದ. ನಗಬೇಕೋ ನಾಚಬೇಕೋ ತಿಳಿಯಲಿಲ್ಲ. ಆಮೇಲೆ ಕೆಲಸದ ಮಾತು. ಲಗತ್ತಿನ ಅಕ್ಷರಗಳು ಓದಲು ಬರುವುದಿಲ್ಲ, ತಪ್ಪಿನ ಸಾಲನ್ನು ನಕಲು ಮಾಡಿ ಅಕ್ಷರದಲ್ಲೇ ಕಳಿಸಿ. ಅದು ಎಷ್ಟನೇ ಸಾಲು, ನಿಮ್ಮ ಸದಸ್ಯೆ ತಿದ್ದಿದ್ದು ಎಷ್ಟನೇ ಸಾಲು? ಅಂಗಡಿಯಿಂದ ಹೊಸ ಪ್ರತಿ ಇಳಿಸಿ ಹಾಕಿದರೂ ತಪ್ಪು ಬರುತ್ತದೆಯೇ? ಸ್ಕ್ರಿಪ್ಟು ಸರಿಯಾಗಿ ಓಡುತ್ತಿದ್ದಾಗ ಇಂಜಿನ್ನಿನ ಯಾವ ಆವೃತ್ತಿ ಇತ್ತು, ಈಗ ಯಾವುದಿದೆ? ಇಷ್ಟು ತಿಳಿದರೆ ನಾನು ಇಲ್ಲಿ ಅದೇ ತಪ್ಪು ಬರುವಂತೆ ಮಾಡಿ ನೋಡಬಲ್ಲೆ. ಅಲ್ಲಿಯವರೆಗೆ ಕಾರಣ ಇದೇ ಎಂದು ಹೇಳಲಾರೆ.

‘ಕಾರಣ ನಾನೇ ಹೇಳಿದ್ನಲ್ಲ, ಇವಂಗೆ ಮತ್ತೆಂತಕ್ಕೆ ವಿಚಾರಣೆ?’ ಎಂದು ಗೊಣಗುತ್ತ ಕುಳಿತೆ. ಕೆಂಪು ಸಾಲನ್ನು ನಕಲು ಮಾಡಿದೆ. ಇನ್ನೂರ ಹದಿನಾಲ್ಕನೇ ಸಾಲು, ಇಂಥ ಹೆಸರಿನದು ಇಲ್ಲಿಲ್ಲ ಎಂಬ ದೂರು. ಪ್ರಾಜೆಕ್ಟಿನ ಇನ್ನೊಂದು ನಕಲು ಮಾಡಿಕೊಂಡು, ಅದರಲ್ಲಿದ್ದ ಸ್ಕ್ರಿಪ್ಟನ್ನು ಅಳಿಸಿ, ಅಂಗಡಿಯಿಂದ ಹೊಸತನ್ನು ಇಳಿಸಿ ಹಾಕಿದೆ. ಅದರಲ್ಲಿ ಆ ಹುಡುಗಿಯ ಬೆರಳಿನ ಗುರುತೂ ಇಲ್ಲ. ಆದರೂ ಕೆಂಪು. ಆದರೂ ಇನ್ನೂರ ಹದಿನಾಲ್ಕು.

ಪಕ್ಕದಲ್ಲಿದ್ದ ಹುಡುಗ, ‘ಹಂಗಾರೆ ಅವ್ಳು ಬೇರೆ ಎಲ್ಲೋ ಏನೋ ಮಾಡಿಟ್ಟಿದ್ದಾಳೆ ನೋಡು’ ಎಂದ. ನಾನೂ ತಲೆಯಾಡಿಸಿದೆ. ಮನುಷ್ಯನ ಬುದ್ಧಿ ಹೇಗಿರುತ್ತದೆ ನೋಡಿ, ಹಿಡಿದ ಹಟ ಬಿಡುವುದಕ್ಕಿಂತ ಹೊಸ ಅಪರಾಧ ಹುಡುಕುವುದೇ ಅದಕ್ಕೆ ಸುಲಭ.

ಉಳಿದದ್ದು ಆವೃತ್ತಿಯ ಪ್ರಶ್ನೆ. ‘ಮೊದಲಿಂದ ಇದ್ದದ್ದೇ’ ಎಂದು ಟೈಪು ಮಾಡಿದೆ. ಹಿಂದೆ ನಿಂತು ನೋಡುತ್ತಿದ್ದ ಸರ್, ‘ನೆನಪಿಂದ ಬರೀಬೇಡ್ವೇ. ನೋಡಿ ಬರಿ’ ಎಂದರು. ಪ್ರಾಜೆಕ್ಟಿನ ಫೋಲ್ಡರಿನ ಒಳಗೆ ಒಂದು ಸಣ್ಣ ಕಡತ ಇರುತ್ತದೆ. ಕೊನೆಯದಾಗಿ ಯಾವ ಆವೃತ್ತಿಯ ಇಂಜಿನ್ನಿನಲ್ಲಿ ತೆರೆದರು ಎಂಬುದನ್ನು ಇಂಜಿನ್ನೇ ಅದರಲ್ಲಿ ಬರೆದಿಡುತ್ತದೆ. ತೆರೆದು ನೋಡಿದೆ. ನಾವು ವರ್ಷವಿಡೀ ಬಳಸಿದ ಸಂಖ್ಯೆ ಅಲ್ಲಿರಲಿಲ್ಲ. ಹೊಸ ಸಂಖ್ಯೆ ಇತ್ತು.

ಕ್ಲಬ್ಬಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಸಂಜೆ ಹೋಗುವಾಗ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ, ಅದಕ್ಕೆ ವಾರದ ಹೆಸರು ಕೊಡುವುದು. ಕೋಡ್ ಕಾಪಾಡಲು ಇದಕ್ಕಿಂತ ಒಳ್ಳೆಯ ದಾರಿಗಳಿವೆ ಎಂದು ಸರ್ ಪಾಠ ಮಾಡಿದ್ದರು, ನಾವು ಕೇಳಿಸಿಕೊಂಡು ಪೆನ್‌ಡ್ರೈವನ್ನೇ ಮುಂದುವರಿಸಿದ್ದೆವು. ಶುಕ್ರವಾರದ ನಕಲನ್ನು ತೆರೆದೆ. ಹಳೆಯ ಸಂಖ್ಯೆ. ಶನಿವಾರದ ನಕಲು ಇರಲಿಲ್ಲ. ಶನಿವಾರ ಕೋಣೆಯ ಬೀಗ ಹಾಕಿದವಳು ನಾನು.

ಆಗ ನೆನಪಾಯಿತು.

ಶನಿವಾರ ಮಧ್ಯಾಹ್ನ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಇಂಜಿನ್ನಿನ ಹೊಸ ಆವೃತ್ತಿ ಬಂದಿದೆ ಎಂದು ಮೂಲೆಯಲ್ಲಿ ಚುಕ್ಕೆ ಕಾಣಿಸುತ್ತಿತ್ತು. ಫೋನಿನಲ್ಲಿ ಅಂಥ ಚುಕ್ಕೆ ಕಂಡರೆ ಒತ್ತಿಬಿಡುತ್ತೇವಲ್ಲ, ಹಾಗೇ ಒತ್ತಿದೆ. ಅದು ಹಳೆಯದರ ಪಕ್ಕದಲ್ಲಿ ಕುಳಿತುಕೊಂಡಿತು. ನಮ್ಮ ಪ್ರಾಜೆಕ್ಟನ್ನು ಹೊಸದರಲ್ಲಿ ತೆರೆದೆ. ಇದನ್ನು ಹೊಸ ಆವೃತ್ತಿಗೆ ಬದಲಾಯಿಸಬೇಕಾಗುತ್ತದೆ, ನಕಲು ತೆಗೆದಿಟ್ಟುಕೊಂಡಿದ್ದೀರಾ ಎಂದು ಕೇಳಿತು. ತೆಗೆದಿಟ್ಟಿದ್ದೇನೆ, ಮುಂದುವರಿ, ಎಂಬ ಗುಂಡಿಯನ್ನು ಒತ್ತಿದೆ. ತೆಗೆದಿರಲಿಲ್ಲ. ಪಟ್ಟಿ ಮೆಲ್ಲಗೆ ತುಂಬುತ್ತಿತ್ತು, ಅಷ್ಟರಲ್ಲಿ ಹುಲೇಕಲ್ ಬಸ್ಸಿನ ಹೊತ್ತಾಯಿತು. ಮಷಿನನ್ನು ಹಾಗೇ ಬಿಟ್ಟು, ಬೀಗ ಜಡಿದು ಓಡಿದೆ. ಅದು ಮುಗಿದ ಮೇಲೆ ಕೆಂಪು ಬಂತೋ ಹಸಿರು ಬಂತೋ ನೋಡಲಿಲ್ಲ. ಆಮೇಲೆ ಮರೆತೇ ಹೋಯಿತು. ‘ನಾವು ಏನನ್ನೂ ಬದಲಾಯಿಸಿಲ್ಲ’ ಎಂದು ಮೊಹರು ಹಾಕಿಸಿ ಬರೆದಾಗಲೂ ಅದು ಸುಳ್ಳೆಂದು ನನಗೆ ಅನ್ನಿಸಿರಲಿಲ್ಲ. ಬದಲಾಯಿಸುವುದು ಎಂದರೆ ಕೀಲಿ ಒತ್ತಿ ಕೋಡ್ ಬರೆಯುವುದು ಎಂದೇ ನನ್ನ ಲೆಕ್ಕ. ಗುಂಡಿ ಒತ್ತಿದ್ದು ಲೆಕ್ಕಕ್ಕಿರಲಿಲ್ಲ.

ಶುಕ್ರವಾರದ ನಕಲನ್ನು ಹಳೆಯ ಆವೃತ್ತಿಯಲ್ಲಿ ತೆರೆದೆ. ಯಾರಿಗೂ ಹೇಳಲಿಲ್ಲ. ಒಂದೂ ಕೆಂಪು ಸಾಲಿಲ್ಲ. ಗುಂಡಿ ಒತ್ತಿದರೆ ಆಟ ಶುರುವಾಯಿತು. ಬಸ್ಸು ಹತ್ತಿತು, ಏರಿನಲ್ಲಿ ನಿಲ್ಲಿಸಿದೆ, ಬ್ರೇಕು ಬಿಟ್ಟೆ. ಒಂದು ಗೇಣೂ ಹಿಂದೆ ಜಾರಲಿಲ್ಲ. ಎತ್ತಿದ ಕೂಡಲೇ ಮೆಲ್ಲಗೆ ಮುಂದೆ ಹೋಯಿತು. ಅವಳು ಮಾಡಿದ ಕೆಲಸ ಅದು. ಸ್ಕ್ರಿಪ್ಟನ್ನು ತೆರೆದು ನೋಡಿದೆ, ಅವಳು ತಿದ್ದಿದ್ದು ತೊಂಬತ್ತರ ಆಸುಪಾಸಿನ ಆರು ಸಾಲು. ಪಕ್ಕದಲ್ಲಿ ಏನು, ಯಾಕೆ ಎಂದು ಟಿಪ್ಪಣಿಯನ್ನೂ ಬರೆದಿದ್ದಳು. ಇನ್ನೂರ ಹದಿನಾಲ್ಕರ ಹತ್ತಿರಕ್ಕೂ ಅವಳು ಹೋಗಿರಲಿಲ್ಲ.

ಆ ಸಂಜೆ ಮನೆಗೆ ಹೋದ ಮೇಲೆ ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಮುಖ ನೋಡಿದ ಕೂಡಲೇ ಕಂಡುಹಿಡಿದಳು. ‘ಎಂತ ಆತೇ ಕೂಸೆ? ಮಖ ಎಂತಕ್ಕೆ ಸಣ್ಣ ಮಾಡ್ಕಂಡಿದ್ದೆ?’

ಹೇಳಿದೆ. ಅವಳಿಗೆ ಇಂಜಿನ್ನು, ಆವೃತ್ತಿ ಯಾವುದೂ ತಿಳಿಯಲಿಲ್ಲ, ತಿಳಿಯಬೇಕಾದದ್ದು ತಿಳಿಯಿತು.

‘ಆ ಕೂಸಿಗೆ ಗೊತ್ತಿದ್ದಾ?’

‘ಇಲ್ಲೆ. ಆನು ನಾಳೆ ಬೇಗ ಹೋಗ್ತೆ.’

‘ಹೋಗು. ಬೈದಿದ್ದು ನಾಕು ಜನರ ಎದುರಿಗೆ ಅಂದ್ರೆ, ತಪ್ಪಾತು ಅನ್ನದೂ ನಾಕು ಜನರ ಎದುರಿಗೇ ಅನ್ನವು.’

ಮರುದಿನ ನಾನು ಮೊದಲು ಹೋದದ್ದು ಗುಮಾಸ್ತರ ಹತ್ತಿರ. ಆ ಸಾಲನ್ನು ಹೊಡೆದು ಹಾಕಿ ಎಂದೆ. ಅವರು ಪುಸ್ತಕವನ್ನು ಎದೆಗೆ ಒತ್ತಿಕೊಂಡೇ ಬಿಟ್ಟರು. ‘ಜಾವಕದಲ್ಲಿ ಬರದದ್ದು ಹೊಡೆಯಂಗಿಲ್ಲ ತಂಗಿ. ಬೇಕಾದ್ರೆ ಇನ್ನೊಂದು ಪತ್ರ ಬರಿ. ಹಿಂದಿನ ಪತ್ರದ ನಂಬರ್ ಉಲ್ಲೇಖ ಮಾಡು. ಸಹಿ ಮಾಡಿಸ್ಕಂಡು ಬಾ, ಹೊಸ ನಂಬರ್ ಹಾಕ್ತೆ.’

ಹಾಗಾಗಿ ನನ್ನ ತಪ್ಪೊಪ್ಪಿಗೆಯೂ ಲೆಟರ್‌ಹೆಡ್ಡಿನಲ್ಲೇ ಆಗಬೇಕಾಯಿತು. ಉಲ್ಲೇಖ: ನಮ್ಮ ಹಿಂದಿನ ಪತ್ರ. ಅದರಲ್ಲಿ ಕಿರಿಯ ಸದಸ್ಯೆಯ ತಿದ್ದುಪಡಿಯಿಂದ ಸ್ಕ್ರಿಪ್ಟು ನಿಂತಿತೆಂದು ಬರೆದದ್ದು ತಪ್ಪು. ಆಕೆ ಅನುಮತಿ ಪಡೆದೇ ತಿದ್ದಿದ್ದು. ಅನುಮತಿ ಕೊಟ್ಟವಳು ನಾನು. ಶನಿವಾರ ಪ್ರಾಜೆಕ್ಟನ್ನು ಹೊಸ ಆವೃತ್ತಿಗೆ ಬದಲಾಯಿಸಿದವಳು, ನಕಲು ತೆಗೆಯದೆ ತೆಗೆದಿದ್ದೇನೆ ಎಂದು ಒತ್ತಿದವಳೂ ನಾನೇ. ಹಳೆಯ ಆವೃತ್ತಿಯ ಸಂಖ್ಯೆ ಇದು, ಹೊಸದರದು ಇದು. ಹಳೆಯದರಲ್ಲಿ ಆಕೆಯ ತಿದ್ದುಪಡಿಯೊಂದಿಗೆ ಸ್ಕ್ರಿಪ್ಟು ಸರಿಯಾಗಿ ಓಡುತ್ತದೆ. ಹೊಸದರಲ್ಲಿ ಅಂಗಡಿಯಿಂದ ಇಳಿಸಿದ ಪ್ರತಿಯೂ ಓಡುವುದಿಲ್ಲ. ಕೊನೆಗೆ ನನ್ನ ಪೂರ್ತಿ ಹೆಸರು. ತಪ್ಪಿನ ಸಾಲನ್ನು ಈ ಸಲ ಮೇಲ್‌ನಲ್ಲೇ ಅಕ್ಷರದಲ್ಲಿ ಅಂಟಿಸಿದೆ.

ಸರ್ ಓದಿ ಕನ್ನಡಕ ತೆಗೆದರು. ‘ಮಾರಿದವಂಗೆ ಇಷ್ಟೆಲ್ಲ ಬೇಕಾ?’ ಎಂದರು.

‘ಅವನಿಗೆ ಬೇಡ ಸರ್. ಪ್ರತಿ ಹೋಗುವವರಿಗೆ ಬೇಕು.’

ಅವರು ‘ನಂದೂ ತಪ್ಪೇ. ನಾನೂ ಆ ಕೂಸನ್ನ ಒಂದು ಮಾತು ಕೇಳಲಿಲ್ಲ’ ಎಂದು ಸಿದ್ದಾಪುರದ ಪಟ್ಟಿಯನ್ನು ಮೇಜಿನಿಂದ ತೆಗೆದು ಅವಳ ಹೆಸರನ್ನು ಮತ್ತೆ ಬರೆದರು. ಪ್ರಾಂಶುಪಾಲರು ಈ ಸಲವೂ ಓದದೆ ಸಹಿ ಹಾಕಿದರು. ಗುಮಾಸ್ತರು ಓದಿದರು. ವಿಷಯದ ಕಾಲಮ್ಮಿನಲ್ಲಿ ನನ್ನ ಹೆಸರು, ನನ್ನ ತರಗತಿ. ನಾನು ನಿಂತು ಬರೆಸಿದೆ. ಕಿವಿ ಬಿಸಿಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಕ್ಲಬ್ಬಿನಲ್ಲಿ ಎಲ್ಲರೂ ಸೇರಿದ ಮೇಲೆ ಪತ್ರವನ್ನು ಗಟ್ಟಿಯಾಗಿ ಓದಿದೆ. ಆ ಸೋಮವಾರ ನಕ್ಕ ಹುಡುಗರು ನೆಲ ನೋಡಿದರು. ಅವಳು ಮಾತ್ರ ಅಲ್ಲಿರಲಿಲ್ಲ. ಬಾ ಎಂದು ಕಳಿಸಿದ್ದ ಸಂದೇಶವನ್ನು ನೋಡಿದ್ದಳು, ಉತ್ತರ ಕೊಟ್ಟಿರಲಿಲ್ಲ.

ಮಾರಿದವನ ಉತ್ತರ ಶನಿವಾರ ಬೆಳಿಗ್ಗೆ ಬಂತು. ಈಗ ತಿಳಿಯಿತು, ತಪ್ಪು ನನ್ನದು, ಎಂದೇ ಶುರು ಮಾಡಿದ್ದ. ಇಂಜಿನ್ನಿನ ಹೊಸ ಆವೃತ್ತಿ ಪೂರ್ತಿ ಹೊರಗೆ ಬರುವ ಮೊದಲು ಪರೀಕ್ಷೆಗೆಂದು ಬಿಟ್ಟಿದ್ದ ಪ್ರತಿಯನ್ನು ನೋಡಿ, ಮುಂಚೆಯೇ ತಯಾರಿರಲಿ ಎಂದು ಅವನು ಕೆಲವು ಸಾಲು ಬರೆದಿಟ್ಟಿದ್ದ. ಹಳೆಯ ಆವೃತ್ತಿ ಆ ಸಾಲುಗಳನ್ನು ದಾಟಿಕೊಂಡು ಹೋಗುತ್ತದೆ, ಹೊಸದು ಮಾತ್ರ ಓದುತ್ತದೆ. ಕೊನೆಯ ಗಳಿಗೆಯಲ್ಲಿ ಇಂಜಿನ್ ಮಾಡಿದವರು ಅದರಲ್ಲೊಂದು ಹೆಸರನ್ನು ಬದಲಾಯಿಸಿದ್ದರು. ಇವನು ಮತ್ತೆ ನೋಡಿರಲಿಲ್ಲ. ಸರಿಪಡಿಸಿದ ಪ್ರತಿ ಅಂಗಡಿಗೆ ಬರಲು ಕೆಲವು ದಿನ ಬೇಕು, ನಿಮಗೆ ಬದಲಾಯಿಸಬೇಕಾದ ಒಂದು ಸಾಲನ್ನು ಇಲ್ಲೇ ಕೊಟ್ಟಿದ್ದೇನೆ. ಅವಸರವಿದ್ದರೆ ಹಳೆಯ ನಕಲಿನಲ್ಲೇ, ಹಳೆಯ ಆವೃತ್ತಿಯಲ್ಲೇ ಮುಂದುವರಿಯಿರಿ, ಹೊಸದರಲ್ಲಿ ತೆರೆದದ್ದನ್ನು ಮತ್ತೆ ಹಳೆಯದರಲ್ಲಿ ತೆರೆಯಲು ಹೋಗಬೇಡಿ. ಇಷ್ಟೇ. ನನ್ನ ಒಂದು ಪುಟದ ತಪ್ಪೊಪ್ಪಿಗೆಯ ಬಗ್ಗೆ ಒಂದು ಮಾತೂ ಇರಲಿಲ್ಲ. ಅವನಿಗೆ ಬೇಕಾದದ್ದು ಎರಡು ಸಂಖ್ಯೆ, ಅವು ಸಿಕ್ಕಿದ್ದವು.

ನಾವು ಶುಕ್ರವಾರದ ನಕಲನ್ನೇ ಇಟ್ಟುಕೊಂಡೆವು. ಅಂದು ಮಧ್ಯಾಹ್ನ ಕ್ಲಾಸು ಬಿಟ್ಟ ಮೇಲೆ ನಾನು ಹಳೇ ಬಸ್‌ಸ್ಟ್ಯಾಂಡಿಗೆ ಹೋದೆ. ಬನವಾಸಿ ಬಸ್ಸು ಹಚ್ಚುವ ಕಡೆ ಅವಳು ನಿಂತಿದ್ದಳು. ಕೈಯಲ್ಲಿ ಫೋನು. ಸುತ್ತ ನಮ್ಮ ಕಾಲೇಜಿನವರೇ ಏಳೆಂಟು ಜನ ಇದ್ದರು. ಇರಲಿ ಎಂದುಕೊಂಡೆ.

‘ತಪ್ಪು ನಂದು. ನಿನ್ನ ಮೇಲೆ ಹಾಕಿದೆ. ತಪ್ಪಾಯ್ತು ಕಣೇ’ ಎಂದೆ. ಏಳೆಂಟು ಜನರೂ ತಿರುಗಿ ನೋಡಿದರು.

‘ಓದೀನ್ರಿ ಅಕ್ಕಾ. ಎರಡೂ ಮೇಲ್ ಓದೀನಿ’ ಎಂದಳು. ಸಿಟ್ಟಿನ ದನಿಯಲ್ಲ. ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ‘ಒಂದು ಮಾತ್ ಕೇಳ್ಲೇನ್ರಿ?’

‘ಕೇಳು.’

‘ಆ ಮನಶ್ಯಾ ಎಲ್ಲಿಯಾವನೋ ಏನೋ. ನನ್ನ ಮಾರಿ ನೋಡಿಲ್ಲ. ನೀವು ಮೊಹರು ಹೊಡದು ಅಕಿನ ಮಾಡ್ಯಾಳ ಅಂತ ಬರದ್ರೂ ನಂಬಲಿಲ್ಲ ನೋಡ್ರಿ. ಅಕಿ ತಿದ್ದಿದ್ದು ಎಷ್ಟನೇ ಸಾಲು ಅಂತ ಕೇಳಿದಾ. ನಾ ನಿಮ್ಮ ಮುಂದ ನಿಂತಿದ್ನಿ. ನೀವ್ಯಾಕ ಕೇಳ್ಲಿಲ್ರಿ?’

ಬಸ್ಸು ಬಂದು ನಿಂತಿತು. ಜನ ಬಾಗಿಲಿಗೆ ಮುಗಿಬಿದ್ದರು. ಅವಳು ಅವಸರ ಮಾಡಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನಿಜವಾಗಿಯೂ ಉತ್ತರ ಬೇಕಿತ್ತು ಅವಳಿಗೆ.

ಸಿಟ್ಟು ಬಂದಿತ್ತು ಎನ್ನಬಹುದಿತ್ತು, ಗಡಿಬಿಡಿ ಎನ್ನಬಹುದಿತ್ತು. ಎರಡೂ ಬಾಯಿಗೆ ಬರಲಿಲ್ಲ. ನೀನಾಗಿದ್ದರಿಂದ ಕೇಳಬೇಕು ಅನ್ನಿಸಲಿಲ್ಲ ಎನ್ನುವುದು ನಿಜವಾದ ಉತ್ತರ. ಹುಲೇಕಲ್ಲಿನವಳೋ ಯಲ್ಲಾಪುರದವಳೋ, ನಮ್ಮ ಜೊತೆ ಹರಟುವ ಇನ್ನೊಬ್ಬಳೋ ಆ ಕುರ್ಚಿಯಲ್ಲಿ ಕುಳಿತಿದ್ದರೆ ‘ಎಂತ ಮಾಡಿದ್ಯೇ, ತೋರ್ಸು’ ಎಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ. ಅದು ನನಗೆ ಆ ಗಳಿಗೆಯಲ್ಲಿ, ಅವಳ ಮುಂದೆ ನಿಂತಾಗ ಗೊತ್ತಾಯಿತು. ಹೇಳುವ ಧೈರ್ಯ ಆಗಲಿಲ್ಲ.

ಕಂಡಕ್ಟರ್ ಸೀಟಿ ಊದಿದ. ‘ಬರ್ತೀನ್ರಿ’ ಎಂದು ಅವಳು ಹತ್ತಿದಳು.

ಸೋಮವಾರ ಕ್ಲಬ್ಬಿಗೆ ಬಂದಳು, ಸಿದ್ದಾಪುರಕ್ಕೂ ಬಂದಳು. ಬಸ್ಸು ಏರಿನಲ್ಲಿ ಯಾಕೆ ಜಾರುವುದಿಲ್ಲ ಎಂದು ಬಂದವರಿಗೆಲ್ಲ ಚೆನ್ನಾಗಿ ಹೇಳಿದಳು. ನಾನು ಆ ವರ್ಷ ಮುಗಿಸಿ ಹೊರಡುವವರೆಗೂ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟು ಮಾತಾಡಿದಳು. ಅಕ್ಕಾ ಎನ್ನುವುದನ್ನು ಬಿಟ್ಟು ಮೇಡಂ ಎನ್ನುತ್ತಿದ್ದಳು.